ನಳ್ಳಿ ಮೆಲ್ಲ ತಿರುಗಿಸಿ

ಕೇಳುಗರಿಗೆ ನಮಸ್ಕಾರ. ನಾನು ಉಡುಪಿಯಲ್ಲಿ ತುಂಬಾ ವರ್ಷಗಳಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ನಳ್ಳಿ ರಿಪೇರಿ ಬಗ್ಗೆ ಹತ್ತು ವಿಷಯ ಹೇಳಿ ಎಂದಿದ್ದಾರೆ. ನನಗೆ ಹೇಳಲಿಕ್ಕೆ ಇರುವುದು ಒಂದೇ. ಹನಿ ಬೀಳುವ ನಳ್ಳಿಯನ್ನು ಜೋರಾಗಿ ತಿರುಗಿಸಬೇಡಿ.

ಮೊನ್ನೆ ಒಂದು ಬಾಡಿಗೆ ಮನೆಗೆ ಹೋಗಿದ್ದೆ. ಹುಬ್ಬಳ್ಳಿಯಿಂದ ಬಂದ ಟೀಚರ್ ಒಬ್ಬರು ಹೊಸದಾಗಿ ಬಂದಿದ್ದರು. ಮನೆ ಯಜಮಾನರ ಜೊತೆ ನಡೆದ ಮೆಸೇಜುಗಳನ್ನು ತೋರಿಸಿದರು. ಅವರ ಒಪ್ಪಿಗೆ ಪಡೆದೇ ಓದುತ್ತೇನೆ, ಕೇಳಿ.

"ಸರ್, ಬಚ್ಚಲಿನ ನಳ ಸೋರ್ತದ."

"ಮೇಡಂ, ಅದು ನನ್ನ ತಂದೆ ಕಾಲದ ಹಿತ್ತಾಳೆ ನಳ್ಳಿ. ಸೋರುವುದಿಲ್ಲ. ಜೋರಾಗಿ ತಿರುಗಿಸಿ."

"ತಿರುಗಿಸಿದೆ ಸರ್. ರಾತ್ರಿ ಪಾತ್ರೆ ಇಟ್ಟು ನೋಡಿದೆ. ಗಂಟೆಗೆ ಅರ್ಧ ಲೀಟರ್. ದಿನಕ್ಕೆ 12 ಲೀಟರ್ ಆತು."

"ಒಳ್ಳೆದಾಯ್ತು. ಅಂಗಳದ ಮಲ್ಲಿಗೆ ಗಿಡಕ್ಕೆ ಹಾಕಿ."

ನೋಡಿ, ಹೇಗಿದ್ದಾರೆ! ಎರಡು ವಾರ ಬಿಟ್ಟು ಮತ್ತೆ:

"ಸರ್, ಈಗ ಗಂಟೆಗೆ ಎರಡು ಲೀಟರ್."

"ನಿಮ್ಮ ಕೈಯಲ್ಲಿ ಬಲ ಇಲ್ಲ ಮಾರಾಯ್ರೆ. ನಾಳೆ ನಾನೇ ಬರ್ತೇನೆ."

ಬಂದರು. ಪಾನಾ ಹಾಕಿ ಬಿಗಿದರು. ಸಂಜೆಯ ಮೆಸೇಜು:

"ಸರ್, ನೀವು ಹೋದಮ್ಯಾಲೆ ಹನಿ ನಿಂತದ. ಈಗ ನೂಲಿನಂಗ ಧಾರಿ ಬರ್ಲಿಕ್ಕತ್ತದ."

ಅರ್ಧ ಗಂಟೆ ಸುಮ್ನಿದ್ದು ಯಜಮಾನರು ನನ್ನ ನಂಬರ್ ಕಳಿಸಿದರು. ಬೇರೆ ಒಂದಕ್ಷರ ಇಲ್ಲ.

ನಾನು ಮೇಲಿನ ವಾಲ್ವ್ ಬಂದ್ ಮಾಡಿ, ಪೈಪಿನಲ್ಲಿ ಉಳಿದ ನೀರು ಬಿಟ್ಟು, ನಳ್ಳಿ ಬಿಚ್ಚಿದೆ. ಒಳಗೆ ಸ್ಪಿಂಡಲ್ ಎಂಬ ಒಂದು ಕಡ್ಡಿ, ಅದರ ತುದಿಗೆ ರಬ್ಬರ್ ವಾಷರ್. ಆ ವಾಷರ್ ಕೆಳಗಿನ ಸೀಟು, ಅಂದರೆ ನೀರು ಬರುವ ತೂತಿನ ಲೋಹದ ಅಂಚಿನ ಮೇಲೆ ಸರಿಯಾಗಿ ಕೂತರೆ ನೀರು ನಿಲ್ಲುತ್ತದೆ. ರಬ್ಬರ್ ಹಳೆಯದಾಗಿ ಗಟ್ಟಿಯಾದರೆ ಹನಿ ಶುರು. ಆಗ ವಾಷರ್ ಬದಲಿಸಿದರೆ ಮುಗಿಯಿತು. ಇಲ್ಲಿ ಬಿಗಿದೂ ಬಿಗಿದೂ ರಬ್ಬರ್ ಎರಡು ತುಂಡಾಗಿತ್ತು. ಬೆರಳಾಡಿಸಿದೆ, ಸೀಟಿನ ಅಂಚು ಗರಗಸದ ಹಾಗೆ ತಾಗಿತು. ಲೋಹಕ್ಕೆ ಲೋಹ ಉಜ್ಜಿತ್ತು. ಅಂಥ ಸೀಟಿನ ಮೇಲೆ ಹೊಸ ವಾಷರ್ ಹಾಕಿದರೂ ನಿಲ್ಲುವುದಿಲ್ಲ. ಕಟ್ಟರ್ ಹಾಕಿ ಸೀಟು ನುಣುಪು ಮಾಡಬೇಕಾಯಿತು. ನಾಲ್ಕು ಕಾಸಿನ ವಾಷರಿನ ಕೆಲಸಕ್ಕೆ ಅರ್ಧ ದಿನ! ಅದಕ್ಕೇ ಹೇಳುವುದು, ಜೋರಾಗಿ ತಿರುಗಿಸಬೇಡಿ.

ಸಮಯ ಆಯಿತು ಎಂದು ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ನೀರು ಬಾಯಿಯಿಂದ ಬೀಳದೆ ಹಿಡಿಯ ಬುಡದಲ್ಲಿ ಜಿನುಗಿದರೆ ಹಾಳಾದದ್ದು ವಾಷರ್ ಅಲ್ಲ, ಸ್ಪಿಂಡಲಿನ ಸುತ್ತ ನೀರು ತಡೆಯುವ ಗ್ಲಾಂಡ್ ಪ್ಯಾಕಿಂಗ್. ಕಾಲು ಸುತ್ತಿಗೇ ನಿಲ್ಲುವ ಈಗಿನ ನಳ್ಳಿಗಳಲ್ಲಿ ಹೆಚ್ಚಾಗಿ ಈ ರಬ್ಬರ್ ಇರುವುದಿಲ್ಲ, ಒಳಗಿನ ಕಾರ್ಟ್ರಿಜ್ಜನ್ನೇ ಬದಲಿಸಬೇಕು.

ಹಾಂ, ಯಜಮಾನರು ಮರುದಿನ ಟೀಚರಿಗೆ ಕಳಿಸಿದ ಮೆಸೇಜು ಓದಲಿಕ್ಕೆ ಮರೆತಿದ್ದೆ. "ಮೇಡಂ, ಹಳೇ ನಳ್ಳಿ ಅದು. ಜೋರಾಗಿ ತಿರುಗಿಸಬಾರದು ಅಂತ ನಾನು ಮೊದಲೇ ಹೇಳಿದ್ದೆ ಅಲ್ವಾ?"

ನಮಸ್ಕಾರ.