ಕೆಂಪು ಬಣ್ಣ ಹಚ್ಚುವ ಮೊದಲು ಯೂಟ್ಯೂಬ್ ಚಾನೆಲ್‌ನ ವಾರದ ವರದಿ ಏನು ನೋಡಬೇಕು?

ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ಓಡಾಡಿದವರಿಗೆ ಅಲ್ಲಿನ ತರಬೇತಿ ಕೇಂದ್ರಗಳ ಫಲಕಗಳು ಗೊತ್ತು. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಶಿಕ್ಷಕರ ನೇಮಕಾತಿ, ಎಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಇವುಗಳಲ್ಲಿ ಅನೇಕ ಕೇಂದ್ರಗಳು ಈಗ ಯೂಟ್ಯೂಬ್‌ನಲ್ಲೂ ಪಾಠ ಮಾಡುತ್ತವೆ. ಚಾನೆಲ್ ಇದ್ದ ಮೇಲೆ ಲೆಕ್ಕ ಬೇಕು. ಲೆಕ್ಕ ನೋಡಲು ಪುರುಸೊತ್ತು ಇಲ್ಲದಿದ್ದಾಗ ಒಂದು ಸ್ಕ್ರಿಪ್ಟ್ ಬರೆಸುತ್ತಾರೆ. ಅದು ಪ್ರತಿ ಸೋಮವಾರ ಬೆಳಿಗ್ಗೆ ಯೂಟ್ಯೂಬ್‌ನಿಂದ ಅಂಕಿ ತರುತ್ತದೆ, ಹಿಂದಿನ ವಾರದ ಅಂಕಿಯ ಪಕ್ಕದಲ್ಲಿ ಇಡುತ್ತದೆ, ದೊಡ್ಡ ಏರಿಳಿತ ಇದ್ದರೆ ಕೆಂಪು ಬಣ್ಣ ಹಚ್ಚುತ್ತದೆ, ಕೊನೆಗೆ ನಾಲ್ಕು ಸಾಲಿನ ಸಾರಾಂಶ ಬರೆದು ಎಲ್ಲರಿಗೂ ಕಳುಹಿಸುತ್ತದೆ.

ಅಂತಹ ಒಂದು ವರದಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೇಂದ್ರದ ಹೆಸರು ಬೇಡ. ವರದಿಯ ಮೊದಲ ಸಾಲು ಹೀಗಿತ್ತು: "ವೀಕ್ಷಣೆಯಲ್ಲಿ ಶೇ 57ರಷ್ಟು ಭಾರಿ ಕುಸಿತ. ಪ್ರೇಕ್ಷಕರ ಆಸಕ್ತಿ ಕಡಿಮೆಯಾಗಿದೆ." ವ್ಯವಸ್ಥಾಪಕರು ಅದನ್ನು ಓದಿ ಇತಿಹಾಸದ ಪಾಠ ಮಾಡುವವರನ್ನು ಕರೆದು, "ಸರ್, ನಿಮ್ಮ ಪಾಠ ನೋಡುವುದನ್ನು ಜನ ಬಿಟ್ಟಿದ್ದಾರಂತೆ" ಎಂದರು. ಆ ಮನುಷ್ಯ ಅಂದು ಮಧ್ಯಾಹ್ನದವರೆಗೆ ತರಗತಿಗೆ ಹೋಗಲಿಲ್ಲ.

ಆ ಅಂಕಿಗಳನ್ನು ಸುಮಾರಾಗಿಸಿ ನಿಮ್ಮ ಮುಂದೆ ಇಡುತ್ತೇನೆ. ಆ ವರದಿಯ ವಾರಕ್ಕೂ ಹಿಂದಿನ ಎಂಟು ವಾರಗಳ ವೀಕ್ಷಣೆ ಕ್ರಮವಾಗಿ 41,200, 38,900, 44,100, 40,300, 39,600, 42,000, 40,800 ಮತ್ತು 97,500. ವರದಿಯ ವಾರದಲ್ಲಿ 41,900. ಎಂಟನೆಯ ವಾರ ಯಾಕೆ ಹಾಗೆ ಜಿಗಿಯಿತು ಎಂದರೆ ಆ ವಾರ ಒಂದು ದೊಡ್ಡ ನೇಮಕಾತಿಯ ಅಧಿಸೂಚನೆ ಹೊರಬಿದ್ದಿತ್ತು. ಊರೂರಿನ ಹುಡುಗರು ಪಠ್ಯಕ್ರಮ ಹುಡುಕುತ್ತಾ ಈ ಚಾನೆಲ್‌ಗೆ ಬಂದರು, ನೋಡಿದರು, ಹೋದರು. ಮುಂದಿನ ವಾರ ಚಾನೆಲ್ ತನ್ನ ಎಂದಿನ ಜಾಗಕ್ಕೆ ಮರಳಿತು. 97,500ರಿಂದ 41,900ಕ್ಕೆ ಇಳಿದರೆ ಲೆಕ್ಕದಲ್ಲಿ ಶೇ 57 ಕಡಿಮೆ, ನಿಜ. ಆದರೆ ಅದು ಸಿದ್ಧಾರೂಢ ಮಠದ ಜಾತ್ರೆಯ ಮರುವಾರ ಹುಬ್ಬಳ್ಳಿಯ ಅಂಗಡಿಯವನಿಗೆ ನಿನ್ನ ವ್ಯಾಪಾರ ಬಿದ್ದಿದೆ ಎಂದಂತೆ.

ಹಿಂದಿನ ಒಂದೇ ವಾರಕ್ಕೆ ಹೋಲಿಸುವ ವರದಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಒಂದು ಜಿಗಿತಕ್ಕೆ ಎರಡು ಬಾರಿ ಗಂಟೆ ಬಾರಿಸುತ್ತದೆ, ಏರಿದಾಗ ಒಮ್ಮೆ, ಇಳಿದಾಗ ಇನ್ನೊಮ್ಮೆ. ಎರಡನೆಯದು ಸುಳ್ಳು ಗಂಟೆ.

ಹಾಗಾದರೆ ಸರಾಸರಿಗೆ ಹೋಲಿಸೋಣವೇ? ಎಂಟು ವಾರಗಳ ಸರಾಸರಿ 48,050. ಎಂಟರಲ್ಲಿ ಏಳು ವಾರಗಳು ಅದರ ಹತ್ತಿರಕ್ಕೂ ಬಂದಿಲ್ಲ. ಒಂದೇ ಒಂದು ವಾರ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಆ ಲೆಕ್ಕದಲ್ಲೂ ನಮ್ಮ ಸಾಮಾನ್ಯ ವಾರ ಶೇ 13ರಷ್ಟು ಕಡಿಮೆ ಎಂದೇ ಕಾಣುತ್ತದೆ. ಅದರ ಬದಲು ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಕಲಿತ ಮಧ್ಯಾಂಕ ತೆಗೆದುಕೊಳ್ಳಿ. ಎಂಟನ್ನೂ ಏರಿಕೆಯ ಕ್ರಮದಲ್ಲಿ ಇಟ್ಟರೆ ನಡುವಿನ ಎರಡು ಅಂಕಿಗಳು 40,800 ಮತ್ತು 41,200. ಮಧ್ಯಾಂಕ 41,000. ಜಿಗಿದ ವಾರ 97,500 ಇರಲಿ, ಒಂಬತ್ತು ಲಕ್ಷ ಇರಲಿ, ಮಧ್ಯಾಂಕ ಕದಲುವುದಿಲ್ಲ. 41,900 ಅದಕ್ಕಿಂತ 900 ಹೆಚ್ಚೇ ಇದೆ!

ಇನ್ನು "ದೊಡ್ಡ ಬದಲಾವಣೆ" ಎಂದರೆ ಎಷ್ಟು? ಇದನ್ನು ಆ ಚಾನೆಲ್‌ನ ಸ್ವಂತ ಏರಿಳಿತವೇ ಹೇಳಬೇಕು. ಪ್ರತಿ ವಾರವೂ ಮಧ್ಯಾಂಕದಿಂದ ಎಷ್ಟು ದೂರ ಇದೆ ಎಂದು ಬರೆದುಕೊಂಡು, ಆ ದೂರಗಳ ಮಧ್ಯಾಂಕವನ್ನೂ ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 1,200. ಎಂದರೆ ಈ ಚಾನೆಲ್ ಸಾವಿರ, ಸಾವಿರದ ಇನ್ನೂರು ಅತ್ತಿತ್ತ ಆಗುವುದು ಸಹಜ. ಅದರ ಮೂರು ಪಟ್ಟು ದಾಟಿದರೆ ಗಮನಿಸಬೇಕು. ಜೊತೆಗೆ ಮಧ್ಯಾಂಕದ ಶೇ 15ನ್ನೂ ದಾಟಿರಬೇಕು ಎಂಬ ಇನ್ನೊಂದು ಷರತ್ತು ಇಡಿ. ಇಲ್ಲದಿದ್ದರೆ ಏರಿಳಿತವೇ ಇಲ್ಲದ ಶಾಂತ ಚಾನೆಲ್‌ನಲ್ಲಿ ಚಿಲ್ಲರೆ ವ್ಯತ್ಯಾಸಕ್ಕೂ ಕೆಂಪು ಬಣ್ಣ ಬೀಳುತ್ತದೆ. ಪರದೆಯ ಮೇಲೆ ನೋಡಿ, `past8` ಎಂದರೆ ಹಿಂದಿನ ಎಂಟು ವಾರಗಳ ಅಂಕಿಗಳ ಪಟ್ಟಿ, `this_week` ಎಂದರೆ ಈ ವಾರದ ಅಂಕಿ, ಪೈಥಾನ್‌ನಲ್ಲಿ ಇಷ್ಟೇ:

```python
from statistics import median

mid = median(past8)
spread = median([abs(x - mid) for x in past8])
gap = this_week - mid
flag = abs(gap) > 3 * spread and abs(gap) > 0.15 * mid
```

ಈ ನಿಯಮದಲ್ಲಿ 41,900ರ ವಾರಕ್ಕೆ ಯಾವ ಬಣ್ಣವೂ ಬೀಳುವುದಿಲ್ಲ. ಇಲ್ಲಿನ ಮೂರು ಮತ್ತು ಹದಿನೈದು ಶಾಸ್ತ್ರವಾಕ್ಯಗಳೇನಲ್ಲ. ನಿಮ್ಮ ಹಳೆಯ ಒಂದು ವರ್ಷದ ಅಂಕಿಗಳ ಮೇಲೆ ಓಡಿಸಿ ನೋಡಿ. ವಾರ ಬಿಟ್ಟು ವಾರ ಕೆಂಪು ಬೀಳುತ್ತಿದ್ದರೆ ಮಿತಿ ತೀರಾ ಬಿಗಿಯಾಗಿದೆ ಎಂದರ್ಥ. ಹಾಗೆ ಪದೇ ಪದೇ ಬರುವ ಎಚ್ಚರಿಕೆಯನ್ನು ಜನ ತೆರೆದು ನೋಡುವುದನ್ನೇ ಬಿಡುತ್ತಾರೆ.

ಹೋಲಿಕೆಯ ಮಾತು ಹೀಗಾಯಿತು. ಆದರೆ ಅದಕ್ಕೂ ಮೊದಲು ಇನ್ನೊಂದು ತಪಾಸಣೆ ಇದೆ, ಅದನ್ನು ಮಾಡುವವರು ಕಡಿಮೆ: ತಂದ ಅಂಕಿ ಪೂರ್ತಿ ಬಂದಿದೆಯೇ? ಯೂಟ್ಯೂಬ್‌ನ ಅನಲಿಟಿಕ್ಸ್ ಅಂಕಿಗಳು ಸಿದ್ಧವಾಗಲು ಎರಡು ಮೂರು ದಿನ ಹಿಡಿಯುತ್ತದೆ. ಭಾನುವಾರಕ್ಕೆ ಮುಗಿದ ವಾರದ ಲೆಕ್ಕವನ್ನು ಸೋಮವಾರ ಬೆಳಿಗ್ಗೆ ಕೇಳಿದರೆ ಅದು ತಪ್ಪು ಎಂದು ಹೇಳುವುದಿಲ್ಲ, ಬೈಯುವುದಿಲ್ಲ, ತನ್ನ ಬಳಿ ಇರುವ ದಿನಗಳ ಅಂಕಿಯನ್ನು ಮಾತ್ರ ಸುಮ್ಮನೆ ಕೊಡುತ್ತದೆ. ಏಳು ದಿನದ ಬದಲು ಐದೇ ದಿನ ಬಂದರೆ, ಎಲ್ಲ ದಿನಗಳೂ ಒಂದೇ ಸಮ ಇದ್ದರೂ ಮೊತ್ತ ಶೇ 29ರಷ್ಟು ಕಡಿಮೆ ಕಾಣುತ್ತದೆ. ಶನಿವಾರ, ಭಾನುವಾರವೇ ಹೆಚ್ಚು ನೋಡುವ ಚಾನೆಲ್ ಆದರೆ ಕೇಳಲೇಬೇಡಿ. ಆದ್ದರಿಂದ ಒಟ್ಟು ಮೊತ್ತವನ್ನು ಕೇಳದೆ `dimensions=day` ಎಂದು ದಿನವಾರು ಕೇಳಿ, ಸಾಲುಗಳನ್ನು ಎಣಿಸಿ. ಏಳು ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು, "ಈ ವಾರದ ಅಂಕಿ ಇನ್ನೂ ಪೂರ್ತಿ ಬಂದಿಲ್ಲ" ಎಂದು ಬರೆದು ಕಳುಹಿಸಬೇಕು. ನನ್ನನ್ನು ಕೇಳಿದರೆ ಸೋಮವಾರದ ಹಟವನ್ನೇ ಬಿಟ್ಟು ಗುರುವಾರ ಓಡಿಸಿ. ಮೂರು ದಿನ ತಡವಾದ ಸರಿಯಾದ ಅಂಕಿಯಿಂದ ಯಾರಿಗೂ ನಷ್ಟವಿಲ್ಲ.

ದಿನ ಎಂದೆನಲ್ಲ, ಅದು ನಮ್ಮ ದಿನವೂ ಅಲ್ಲ. ಯೂಟ್ಯೂಬ್ ದಿನವನ್ನು ಲೆಕ್ಕ ಹಾಕುವುದು ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಿಂದ. ಅಲ್ಲಿ ಮಧ್ಯರಾತ್ರಿಯಾದಾಗ ಧಾರವಾಡದಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಿ ಒಂದೂವರೆ. ಸೋಮವಾರ ಬೆಳಿಗ್ಗೆ ಆರಕ್ಕೆ ಹಾಕಿದ ಪಾಠವನ್ನು ಹುಡುಗರು ಹತ್ತು ಗಂಟೆಗೆ ನೋಡಿದರೆ ಆ ವೀಕ್ಷಣೆ ಭಾನುವಾರದ ಖಾತೆಗೆ, ಎಂದರೆ ಹಿಂದಿನ ವಾರಕ್ಕೆ ಸೇರುತ್ತದೆ. ದಿನವಾರು ಅಂಕಿಯಲ್ಲಿ ಇದನ್ನು ಸರಿಪಡಿಸಲು ಬರುವುದಿಲ್ಲ. ಪ್ರತಿ ವಾರವೂ ಹಾಗೆಯೇ ಇರುವುದರಿಂದ ಹೋಲಿಕೆಗೆ ಧಕ್ಕೆಯಿಲ್ಲ. ಆದರೆ ವರದಿಯ ಅಡಿಯಲ್ಲಿ ಒಂದು ಸಾಲು ಬರೆದಿಡಿ, ಇಲ್ಲದಿದ್ದರೆ ಪಾಠ ಹಾಕುವ ದಿನವನ್ನು ಬದಲಿಸಿದಾಗ ತಲೆ ಕೆಡಿಸಿಕೊಳ್ಳುತ್ತೀರಿ.

ಮೂರನೆಯದು ಇನ್ನೂ ಸೂಕ್ಷ್ಮ. ಕೆಲವೊಮ್ಮೆ ಅಳತೆಗೋಲೇ ಬದಲಾಗುತ್ತದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್‌ಗೆ ವೀಕ್ಷಣೆ ಎಣಿಸುವ ರೀತಿಯನ್ನು ಯೂಟ್ಯೂಬ್ ಬದಲಿಸಿತು. ವಿಡಿಯೊ ಆರಂಭವಾದರೆ ಅಥವಾ ಮತ್ತೆ ಓಡಿದರೆ ಸಾಕು, ಒಂದು ವೀಕ್ಷಣೆ. ಇಷ್ಟು ಹೊತ್ತು ನೋಡಿರಬೇಕು ಎಂಬ ಷರತ್ತು ಇಲ್ಲ. ಹಳೆಯ ರೀತಿಯ ಎಣಿಕೆ `engagedViews` ಎಂಬ ಹೆಸರಿನಲ್ಲಿ ಉಳಿದಿದೆ. ಅಂತಹ ದಿನಾಂಕಗಳ ಪಟ್ಟಿಯೊಂದು ಸ್ಕ್ರಿಪ್ಟ್‌ನಲ್ಲೇ ಇರಬೇಕು. ಹಿಂದಿನ ಎಂಟು ವಾರಗಳ ಮಧ್ಯೆ ಆ ದಿನಾಂಕ ಬಿದ್ದರೆ ಹೋಲಿಕೆ ಬೇಡ.

ಅಂದ ಹಾಗೆ, ವಾರದ ಸ್ಕ್ರಿಪ್ಟ್ ಬರೆದು ಮೊದಲ ವಾರ ಓಡಿ ಎರಡನೆಯ ವಾರ ನಿಂತುಹೋಯಿತು ಎಂಬ ದೂರು ಕೇಳಿದ್ದೇನೆ. ಗೂಗಲ್‌ನಲ್ಲಿ ನಿಮ್ಮ ಅಪ್ಲಿಕೇಶನ್ "Testing" ಸ್ಥಿತಿಯಲ್ಲೇ ಇದ್ದರೆ ಅದರ ಅನುಮತಿ ಏಳು ದಿನಕ್ಕೆ ಮುಗಿಯುತ್ತದೆ, `invalid_grant` ಎಂಬ ದೋಷ ಬರುತ್ತದೆ. ಆ ಸ್ಥಿತಿಯನ್ನು ಬದಲಿಸಿ ಮತ್ತೊಮ್ಮೆ ಅನುಮತಿ ಕೊಟ್ಟರೆ ಸರಿಹೋಗುತ್ತದೆ.

ಈಗ ಸಾರಾಂಶಕ್ಕೆ ಬರೋಣ. ಕೆಲವು ವಾರಗಳ ನಂತರ ಅದೇ ಚಾನೆಲ್‌ನಲ್ಲಿ ವೀಕ್ಷಣೆ 33,500ಕ್ಕೆ ಇಳಿಯಿತು ಎಂದುಕೊಳ್ಳಿ, ಮಧ್ಯಾಂಕ ಆಗಲೂ 41,000ದ ಆಸುಪಾಸು. 7,500ರ ಅಂತರ, ಎರಡೂ ಷರತ್ತು ದಾಟಿದೆ. ಇದು ನಿಜವಾದ ಕೆಂಪು. ಆಗ ಸ್ಕ್ರಿಪ್ಟ್ ಇನ್ನೊಂದು ಸಲ ಯೂಟ್ಯೂಬ್‌ಗೆ ಹೋಗಿ, ಜನ ಯಾವ ದಾರಿಯಿಂದ ಬಂದರು ಎಂಬುದನ್ನು `insightTrafficSourceType` ಮೂಲಕ ಕೇಳಬೇಕು. ಹುಡುಕಾಟದಿಂದ ಬರುವ ವೀಕ್ಷಣೆ 6,100 ಕಡಿಮೆಯಾಗಿದೆ, ಚಂದಾದಾರರ ವೀಕ್ಷಣೆ ಎಂದಿನಷ್ಟೇ ಇದೆ ಎಂದು ತಿಳಿದರೆ ಸಾರಾಂಶ ಹೀಗೆ ಬರಬೇಕು: "ಈ ವಾರ ವೀಕ್ಷಣೆ 33,500. ಎಂದಿನ ವಾರದಲ್ಲಿ ಸುಮಾರು 41,000. ಕಡಿಮೆಯಾದ 7,500ರಲ್ಲಿ 6,100 ಹುಡುಕಾಟದಿಂದ ಬರುತ್ತಿದ್ದವು. ಚಂದಾದಾರರ ವೀಕ್ಷಣೆಯಲ್ಲಿ ಗಮನಾರ್ಹ ಬದಲಾವಣೆ ಇಲ್ಲ."

ಇಷ್ಟೇ. "ಭಾರಿ", "ಕುಸಿತ", "ಆಸಕ್ತಿ ಕಡಿಮೆಯಾಗಿದೆ", ಇವು ಯಾವುವೂ ಸಿದ್ಧ ವಾಕ್ಯಗಳಲ್ಲಿ ಇರಕೂಡದು. ಆಸಕ್ತಿಯನ್ನು ಆ ಸ್ಕ್ರಿಪ್ಟ್ ಅಳೆದೇ ಇಲ್ಲ. ಆ ವಾರ ಲಿಖಿತ ಪರೀಕ್ಷೆ ಮುಗಿದಿರಬಹುದು, ಹುಡುಕುವವರೇ ಇಲ್ಲದಿರಬಹುದು. ದೀಪಾವಳಿಗೆ ಹುಡುಗರು ಊರಿಗೆ ಹೋಗಿರಬಹುದು. ಅದು ಗೊತ್ತಿರುವುದು ಸಪ್ತಾಪುರದಲ್ಲಿ ಪಾಠ ಮಾಡುವವರಿಗೆ, ಯೂಟ್ಯೂಬ್‌ನ ಸರ್ವರ್‌ಗಲ್ಲ. ಹಾಗಾಗಿ ಸಾರಾಂಶದ ಕೆಳಗೆ "ಕಾರಣ" ಎಂದು ಬರೆದು ಜಾಗ ಖಾಲಿ ಬಿಡಿ. ಈ ಹಂತದಲ್ಲಿ ವರದಿ ಇನ್ನೂ ಕರಡು. ಆ ಜಾಗ ತುಂಬುವ ಹೊಣೆ ಒಬ್ಬ ಮನುಷ್ಯನದು, ತುಂಬಿದವರ ಹೆಸರೂ ಅಲ್ಲಿರಲಿ.

ವ್ಯವಸ್ಥಾಪಕರಿಗೆ ನನ್ನದೊಂದು ಕೋರಿಕೆ ಇದೆ. ಆ ಕರಡು ಮೊದಲು ಪಾಠ ಮಾಡುವವರ ಕೈಗೆ ಹೋಗಲಿ. ಒಂದು ದಿನ ಅವರ ಬಳಿ ಇರಲಿ, ಕಾರಣದ ಸಾಲನ್ನು ಅವರು ಬರೆಯಲಿ, ಆಮೇಲೆ ನಿಮ್ಮ ಮೇಜಿಗೆ ಬರಲಿ. ಇತಿಹಾಸದ ಆ ಸರ್ ಕೈಗೆ ಅಂದಿನ ವರದಿ ಮೊದಲು ಸಿಕ್ಕಿದ್ದರೆ, ಹಿಂದಿನ ವಾರ ಅಧಿಸೂಚನೆ ಬಂದಿತ್ತು ಎಂದು ಒಂದೇ ಸಾಲಿನಲ್ಲಿ ಬರೆದು ಕಳುಹಿಸುತ್ತಿದ್ದರು.