ಮೂರು ಫೇಸ್ ಕರೆಂಟು ಬಂದ ಹೊತ್ತು
(ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳ ಮುಂದೆ ಒಬ್ಬ ಶಬ್ದಗ್ರಾಹಕ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡೋಣ. ಅರ್ಧ ನಿಮಿಷ ಯಾರೂ ಮಾತನಾಡಬೇಡಿ, ಕುರ್ಚಿ ಸರಿಸಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ.

ಸಾಕು. ಏನೇನು ಕೇಳಿಸಿತು? ಫ್ಯಾನ್ ಎಂದಿರಿ. ಸರಿ, ಯಾವ ಫ್ಯಾನ್? ಎಡಗಡೆಯ ಮೂರನೆಯದು ಸುತ್ತಿಗೊಮ್ಮೆ ಕಿರ್ ಎನ್ನುತ್ತಿದೆ. ಹೊರಗೆ ಬಸ್ಸೊಂದು ಗೇರ್ ಬದಲಿಸಿತು. ಹಿಂದಿನ ಕೋಣೆಯಲ್ಲಿ ಯಾರೋ ಲೋಟ ಜೋಡಿಸುತ್ತಿದ್ದಾರೆ, ಕಾಫಿಗೆ ಇನ್ನು ಹೆಚ್ಚು ಹೊತ್ತಿಲ್ಲ. ಚಿತ್ರೀಕರಣದ ಪ್ರತಿ ಜಾಗದಲ್ಲೂ ನಾವು ಹೀಗೇ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಆ ಜಾಗದ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಅದಕ್ಕೆ ರೂಮ್ ಟೋನ್ ಎನ್ನುತ್ತೇವೆ. ಇಡೀ ತಂಡಕ್ಕೆ ನನ್ನ ಮೇಲೆ ಅತಿ ಹೆಚ್ಚು ಸಿಟ್ಟು ಬರುವುದು ಆ ಒಂದು ನಿಮಿಷದಲ್ಲಿ. ಊಟದ ಹೊತ್ತಾಗಿದ್ದರಂತೂ ಕೇಳುವುದೇ ಬೇಡ.

ಆಹ್ವಾನ ಪತ್ರಿಕೆಯಲ್ಲಿ ಶಬ್ದಗ್ರಹಣ, ಸಂಕಲನ, ಕಲಾ ನಿರ್ದೇಶನ ಎಂದು ಮೂರು ವಿಷಯಗಳಿವೆ. ಮೂರಕ್ಕೂ ನ್ಯಾಯ ಒದಗಿಸುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೇನೆ, ನೋಡೋಣ.

ನನ್ನ ಊರು ಮಂಡ್ಯದ ಕಡೆ. ಅಲ್ಲಿಯೇ ಒಂದು ಚಿತ್ರಕ್ಕೆ ಕೆಲಸ ಮಾಡುವಾಗ ನಡೆದದ್ದನ್ನು ಹೇಳುತ್ತೇನೆ. ಹಳೆಯ ತೊಟ್ಟಿಮನೆ, ಸುತ್ತ ಕಬ್ಬಿನ ಗದ್ದೆ. ಜಮೀನು ಮಾರುವ ವಿಚಾರವಾಗಿ ತಾಯಿ ಮತ್ತು ಮಗ ಜಗಲಿಯ ಮೇಲೆ ಕುಳಿತು ಮಾತನಾಡುತ್ತಾರೆ. ತಾಯಿಯ ಪಾತ್ರ ಮಾಡಿದವರು ರಂಗಭೂಮಿಯ ಹಿರಿಯ ಕಲಾವಿದೆ. ಅವರು ಮಾತಿಗಿಂತ ಉಸಿರಿನಲ್ಲಿಯೇ ಹೆಚ್ಚು ಹೇಳುತ್ತಿದ್ದರು. ಇದನ್ನು ಎರಡು ತಿಂಗಳ ನಂತರ ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಪಡೆಯಲಾಗದು, ಇಲ್ಲಿಯೇ ಹಿಡಿಯಬೇಕು ಎಂದು ನಿರ್ದೇಶಕರು ತೀರ್ಮಾನಿಸಿದ್ದರು. ಚಿತ್ರೀಕರಣದ ಜಾಗದಲ್ಲೇ ಮಾತನ್ನು ಮುದ್ರಿಸಿ ಅದನ್ನೇ ಚಿತ್ರದಲ್ಲಿ ಬಳಸುವ ಈ ಕ್ರಮಕ್ಕೆ ಸಿಂಕ್ ಸೌಂಡ್ ಎನ್ನುತ್ತಾರೆ.

ಜಾಗ ನೋಡಲು ನಾವು ಹೋಗಿದ್ದು ಒಂದು ಮಧ್ಯಾಹ್ನ. ಎಂಥ ನಿಶ್ಶಬ್ದ! ಛಾಯಾಗ್ರಾಹಕರು ಬೆಳಕು ನೋಡಿ ಖುಷಿಪಟ್ಟರು, ನಾನೂ ತಲೆಯಾಡಿಸಿದೆ. ಹಳ್ಳಿಯಲ್ಲೇ ಹುಟ್ಟಿ ಬೆಳೆದ ನನಗೆ ಒಂದು ಪ್ರಶ್ನೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಚಿತ್ರೀಕರಣದ ದಿನ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಕ್ಯಾಮೆರಾ ಮೊದಲು ತಾಯಿಯ ಮುಖದ ಮೇಲಿತ್ತು. ಅವರ ಎಲ್ಲ ಮಾತುಗಳೂ ಚೆನ್ನಾಗಿ ಬಂದವು. ಹತ್ತು ಗಂಟೆಗೆ ಕ್ಯಾಮೆರಾವನ್ನು ಮಗನ ಕಡೆ ತಿರುಗಿಸಿ, ಅದೇ ಸಂಭಾಷಣೆಯನ್ನು ಮತ್ತೆ ಮೊದಲಿನಿಂದ ಹೇಳಿಸತೊಡಗಿದೆವು. ಅಷ್ಟರಲ್ಲಿ ಮೂರು ಫೇಸ್ ಕರೆಂಟು ಬಂತು! ಮನೆಯ ಹಿಂದಿನ ತೆರೆದ ಬಾವಿಯ ಮೋಟಾರು ಗುಂಯ್ ಎಂದು ಶುರುವಾಯಿತು. ಅದರ ಹಿಂದೆಯೇ ಪಕ್ಕದ ಗದ್ದೆಯದು, ಆಚೆ ಗದ್ದೆಯದು.

ನಿಮಗೆ ಅನ್ನಿಸಬಹುದು, ಹಳ್ಳಿಯ ಕತೆಯಲ್ಲವೇ, ಮೋಟಾರಿನ ಸದ್ದು ಇದ್ದರೇನು? ಮೊದಲಿನಿಂದ ಕೊನೆಯವರೆಗೂ ಇದ್ದರೆ ಏನೂ ಇಲ್ಲ. ಆದರೆ ಸಂಕಲನಕಾರರು ಮುಂದೆ ಏನು ಮಾಡುತ್ತಾರೆ ಎಂದು ಯೋಚಿಸಿ. ತಾಯಿಯ ಒಂದು ಮಾತು, ಮಗನ ಒಂದು ಉತ್ತರ, ಮತ್ತೆ ತಾಯಿ, ಹೀಗೆ ಜೋಡಿಸುತ್ತಾರೆ. ತಾಯಿಯನ್ನು ತೋರಿಸಿದಾಗಲೆಲ್ಲ ಮೌನ, ಮಗನನ್ನು ತೋರಿಸಿದಾಗಲೆಲ್ಲ ಗುಂಯ್. ಮೂರು ನಿಮಿಷದ ದೃಶ್ಯದಲ್ಲಿ ಮೋಟಾರು ನಲವತ್ತು ಸಲ ಶುರುವಾಗಿ ನಲವತ್ತು ಸಲ ನಿಂತಂತೆ ಕೇಳುತ್ತದೆ. ತಾಯಿಯ ಸಂಕಟ ಯಾರಿಗೆ ಬೇಕು, ಪ್ರೇಕ್ಷಕ ಮೋಟಾರಿನ ರಿಪೇರಿಯ ಬಗ್ಗೆ ಯೋಚಿಸುತ್ತಾನೆ.

ಕಂಪ್ಯೂಟರಿನಲ್ಲಿ ತೆಗೆಯಬಹುದಲ್ಲ ಎಂದು ಆ ದಿನ ನಿರ್ಮಾಪಕರೂ ಕೇಳಿದರು. ದೂರದ ಲಾರಿಯ ಗುಡುಗಿನಂಥ ಸದ್ದಾದರೆ ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಬಹುಪಾಲು ಹೋಗುತ್ತದೆ, ಮಾತಿಗೆ ಹೆಚ್ಚು ನಷ್ಟವಿಲ್ಲ. ಮೋಟಾರಿನ ಕೀರಲು ಹಾಗಲ್ಲ, ಅದು ಮನುಷ್ಯನ ದನಿ ಇರುವ ಜಾಗದಲ್ಲೇ ಕೂತಿರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಲು ಹೋದರೆ ದನಿಯೂ ಜೊತೆಗೆ ಹೋಗಿ, ಮಗ ಬಾವಿಯೊಳಗಿನಿಂದ ಮಾತನಾಡಿದಂತೆ ಆಗುತ್ತದೆ.

ಆಗ ನಾನು ಕೈ ಎತ್ತಿ ನಿಲ್ಲಿಸಬೇಕಾಯಿತು. ಇದೇ ನನ್ನ ಕೆಲಸದ ನಿಜವಾದ ಕಷ್ಟ. ಚಿತ್ರ ಸರಿ ಬಂದಿದೆಯೋ ಇಲ್ಲವೋ ಎಂಬುದನ್ನು ಮಾನಿಟರ್ ಮುಂದೆ ಹತ್ತು ಜನ ನೋಡುತ್ತಾರೆ. ಶಬ್ದವನ್ನು ಹೆಡ್‌ಫೋನ್ ಹಾಕಿದ ಇಬ್ಬರು ಮೂವರು ಮಾತ್ರ ಕೇಳುತ್ತಾರೆ. ಬಿಸಿಲು ಏರುತ್ತಿರುವಾಗ ಐವತ್ತು ಜನರ ಮುಂದೆ ‘ಇನ್ನೊಂದು ಸಲ ಬೇಕು’ ಎನ್ನುವ ಗುಂಡಿಗೆ ಬೇಕು. ಹಾಗೆಂದು ಎಲ್ಲದಕ್ಕೂ ನಿಲ್ಲಿಸಿದರೆ ಮರುದಿನ ಯಾರೂ ಕರೆಯುವುದಿಲ್ಲ. ಎರಡು ಮಾತುಗಳ ನಡುವೆ ಹಾರ್ನ್ ಬಂದರೆ ಬಿಡುತ್ತೇನೆ. ಅಷ್ಟನ್ನು ಕತ್ತರಿಸಿ ಅಲ್ಲಿ ಆಗ ಹೇಳಿದ ರೂಮ್ ಟೋನ್ ತುಂಬಬಹುದು. ಮಾತಿನ ಮೇಲೆಯೇ ಹಾರ್ನ್ ಕೂತರೆ ಬಿಡುವುದಿಲ್ಲ.

ಮೋಟಾರಿನವರ ಬಳಿ ಹೋದೆ. ‘ಅಣ್ಣ, ಒಂದು ಗಂಟೆ ನಿಲ್ಲಿಸುತ್ತೀರಾ?’ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ನೋಡಪ್ಪ, ಕರೆಂಟು ಇರುವಾಗ ನೀರು ಬಿಡದಿದ್ದರೆ ಕಬ್ಬಿಗೆ ನೀನು ಬಂದು ನೀರು ಹೊಯ್ಯುತ್ತೀಯಾ?’ ಎಂದರು. ನ್ಯಾಯವಾದ ಮಾತು. ಕೊನೆಗೆ ಮಾತಿಲ್ಲದ ದೃಶ್ಯಗಳನ್ನು, ಮಗ ಸೈಕಲ್ ತಳ್ಳುವುದು, ತಾಯಿ ನೀರು ಸೇದುವುದು, ಇವನ್ನೆಲ್ಲ ಕರೆಂಟು ಇದ್ದಾಗ ಮುಗಿಸಿದೆವು. ಮಗನ ಮಾತುಗಳನ್ನು ಮರುದಿನ ಬೆಳಿಗ್ಗೆ ಅದೇ ಎಂಟು ಗಂಟೆಗೆ ತೆಗೆದೆವು. ಅರ್ಧ ದಿನದ ಖರ್ಚು ಹೆಚ್ಚಾಯಿತು. ಅಂದಿನಿಂದ ಯಾವ ಊರಿಗೆ ಹೋದರೂ ‘ಇಲ್ಲಿ ಮೂರು ಫೇಸ್ ಎಷ್ಟು ಹೊತ್ತಿಗೆ?’ ಎಂಬುದೇ ನನ್ನ ಮೊದಲ ಪ್ರಶ್ನೆ. ಲೈನ್‌ಮನ್ ಎಂದುಕೊಂಡು ನನ್ನ ಬಳಿ ದೂರು ಹೇಳಿದವರೂ ಉಂಟು.

ಆ ಮನೆಯವರ ಫ್ರಿಜ್ ಕೂಡ ಆರಿಸಿದ್ದೆವು. ಅದನ್ನು ಮತ್ತೆ ಹಾಕಲು ಮರೆತರೆ ಅವರ ಹಾಲು ಕೆಡುತ್ತದೆ. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ, ನಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುವುದು. ಫ್ರಿಜ್ ತೆರೆಯದೆ ಮನೆಗೆ ಹೋಗುವಂತಿಲ್ಲ.

ಚೀಟಿ ಬಂತು, ಐದು ನಿಮಿಷವಂತೆ. ಕಲಾ ನಿರ್ದೇಶನದ ಬಗ್ಗೆ ಹೇಳಲೇಬೇಕು, ಆದರೆ ನನ್ನ ಕಿವಿಯಿಂದಲೇ ಹೇಳುತ್ತೇನೆ. ಅದೇ ಚಿತ್ರದಲ್ಲಿ ಮನೆಯ ಒಳಕೋಣೆ ಮಾತ್ರ ಸೆಟ್. ಪ್ಲೈವುಡ್ ಗೋಡೆಗೆ ಮಣ್ಣಿನ ಬಣ್ಣ ಬಳಿದು, ಹೊಗೆ ಹಿಡಿದ ಕಲೆಯನ್ನೂ ಮೂಡಿಸಿದ್ದರು. ಕಣ್ಣಿಗೆ ನೂರು ವರ್ಷದ ಮನೆ, ಆದರೆ ಹಲಗೆಯ ನೆಲದ ಮೇಲೆ ನಡೆದರೆ ಡಬ್ ಡಬ್ ಎನ್ನುತ್ತಿತ್ತು. ಕಲಾ ನಿರ್ದೇಶಕರು ಜಗಳವಾಡದೆ, ಕ್ಯಾಮೆರಾಕ್ಕೆ ಕಾಣದ ಕಡೆ ದಪ್ಪ ಜಮಖಾನೆ ಹಾಸಿಸಿ, ಹಲಗೆಯ ಕೆಳಗಿನ ಟೊಳ್ಳಿಗೆ ಮರಳಿನ ಚೀಲ ತುಂಬಿಸಿದರು. ಸೀರೆಯೂ ಅಷ್ಟೇ, ರೇಷ್ಮೆಯೊಳಗೆ ಸಣ್ಣ ಮೈಕ್ ಸಿಕ್ಕಿಸಿದರೆ ಸರಬರ ಎನ್ನುತ್ತದೆ, ತಾಳಿ ಮೈಕಿಗೆ ಬಡಿಯುತ್ತದೆ.

ಸಂಕಲನಕ್ಕೆ ಸಮಯ ಉಳಿಯಲಿಲ್ಲ. ಇಷ್ಟು ಮಾತ್ರ ತಿಳಿದಿರಿ: ಕ್ಯಾಮೆರಾ ಮತ್ತು ರೆಕಾರ್ಡರ್ ಬೇರೆಬೇರೆ ಯಂತ್ರಗಳು. ಕ್ಲಾಪ್ ಹಲಗೆ ಬಡಿಯುವುದು ಶುಭಕ್ಕಲ್ಲ. ಹಲಗೆ ಮುಚ್ಚಿದ ಫ್ರೇಮಿಗೆ ‘ಟಪ್’ ಎಂಬ ಸದ್ದನ್ನು ಹೊಂದಿಸುವುದಕ್ಕೆ. ಸೆಕೆಂಡಿಗೆ 24 ಫ್ರೇಮುಗಳು. ಎರಡು ಮೂರು ಫ್ರೇಮ್ ಜಾರಿದರೂ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಸಹಾಯಕ ಸಂಕಲನಕಾರರಾಗಿ ಸೇರಿದವರಿಗೆ ಸಿಗುವ ಮೊದಲ ಕೆಲಸಗಳಲ್ಲಿ ಇದೂ ಒಂದು.

ಓದುವ ಜಾಗ: ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ, ಅಲ್ಲಿ ಛಾಯಾಗ್ರಹಣ ಮತ್ತು ಶಬ್ದಗ್ರಹಣದ ಡಿಪ್ಲೊಮಾ ಕಲಿಸುತ್ತಾರೆ. ಪುಣೆಯ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಶಬ್ದಗ್ರಹಣ ವಿಭಾಗಕ್ಕೆ ಪದವಿ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು. 2009ರಲ್ಲಿ ಶಬ್ದ ಮಿಶ್ರಣಕ್ಕೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಅಲ್ಲಿ ಓದಿದವರೇ. ಸಂಬಳದ ಬಗ್ಗೆ ಹಿಂದಿನ ಸಾಲಿನವರು ಆಗಲೇ ಸನ್ನೆ ಮಾಡಿ ಕೇಳಿದರು. ಇದು ತಿಂಗಳ ಸಂಬಳದ ಕೆಲಸವಲ್ಲ, ಹೆಚ್ಚಾಗಿ ದಿನಗೂಲಿ ಅಥವಾ ಒಂದು ಚಿತ್ರಕ್ಕೆ ಇಷ್ಟು ಎಂಬ ಲೆಕ್ಕ. ಮಳೆಗಾಲದಲ್ಲಿ ಹೊರಾಂಗಣ ಚಿತ್ರೀಕರಣ ಕಡಿಮೆಯಾದರೆ ಕೈಯೂ ಖಾಲಿ. ಮನೆಯಲ್ಲಿ ಇದನ್ನು ಹೇಳಿಯೇ ಹೊರಡಿ.

ವೇದಿಕೆಯ ಪಕ್ಕ ನನ್ನ ಬೂಮ್ ಕೋಲು ಇದೆ, ತುದಿಗೆ ಮೈಕ್ ಸಿಕ್ಕಿಸಿದ್ದೇನೆ. ಕಾಫಿಯ ನಂತರ ಯಾರು ಬೇಕಾದರೂ ಅದನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ನಾಲ್ಕು ನಿಮಿಷ ಅಲ್ಲಾಡದೆ ಹಿಡಿದು ನೋಡಬಹುದು. ಎಡಗಡೆಯ ಮೂರನೆಯ ಫ್ಯಾನಿನ ಕೆಳಗೆ ಮಾತ್ರ ನಿಲ್ಲಬೇಡಿ.