ನಾಲ್ವರ ಓಟ, ಐದು ಮನೆಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನೂರು ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58 ಸೆಕೆಂಡು. 2009ರಲ್ಲಿ ಬರ್ಲಿನ್‌ನಲ್ಲಿ ಆದ ದಾಖಲೆ ಅದು. ಅದೇ ವೇಗದ ನಾಲ್ಕು ಜನ ನೂರು ನೂರು ಮೀಟರಿನಂತೆ ರಿಲೇ ಓಡಿದರೆ ಎಷ್ಟು ಹೊತ್ತು ಬೇಕು? ನಾಲ್ಕರಿಂದ ಗುಣಿಸಿದರೆ 38.32 ಸೆಕೆಂಡು ಬರುತ್ತದೆ. ಆದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಮೈಕಾ ತಂಡ ಈ ಓಟವನ್ನು 36.84 ಸೆಕೆಂಡಿನಲ್ಲಿ ಮುಗಿಸಿತು. ಸುಮಾರು ಒಂದೂವರೆ ಸೆಕೆಂಡು ಕಮ್ಮಿ! ಆ ನಾಲ್ವರಲ್ಲಿ ಬೋಲ್ಟ್ ಇದ್ದದ್ದು ಒಬ್ಬರೇ. ಉಳಿದ ಮೂವರು ಅವರಷ್ಟು ವೇಗದವರೂ ಅಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ? ಬೋಲ್ಟ್ ಅವರ ಆ 9.58 ಸೆಕೆಂಡನ್ನೇ ಬಿಡಿಸಿ ನೋಡಿ. ಮೊದಲ 20 ಮೀಟರಿಗೆ ಅವರಿಗೆ 2.89 ಸೆಕೆಂಡು ಹಿಡಿಯಿತು. ಅರವತ್ತರಿಂದ ಎಂಬತ್ತನೇ ಮೀಟರಿನವರೆಗಿನ 20 ಮೀಟರಿಗೆ ಬರೀ 1.61. ನಿಂತ ಜಾಗದಿಂದ ವೇಗ ಹಿಡಿಯುವುದಕ್ಕೇ ಜಾಸ್ತಿ ಹೊತ್ತು ಬೇಕು. ರಿಲೇಯಲ್ಲಿ ನಿಂತ ಜಾಗದಿಂದ ಶುರು ಮಾಡುವವರು ಮೊದಲನೆಯವರು ಮಾತ್ರ. ಉಳಿದ ಮೂವರು ಮೊದಲೇ ಓಡಲು ಶುರು ಮಾಡಿ, ವೇಗ ಹಿಡಿಯುತ್ತಲೇ ಬ್ಯಾಟನ್ ತೆಗೆದುಕೊಳ್ಳುತ್ತಾರೆ. ಆ ಒಂದೂವರೆ ಸೆಕೆಂಡು ಯಾವ ಒಬ್ಬ ಓಟಗಾರನ ಕಾಲಿನಲ್ಲೂ ಇಲ್ಲ. ಅದು ಇಬ್ಬರ ನಡುವಿನ ಹಸ್ತಾಂತರದಲ್ಲಿದೆ.

ಬಿಡಿಬಿಡಿಯಾಗಿ ನಿಜವಾದದ್ದು ಒಟ್ಟಿಗೂ ನಿಜ ಎಂದುಕೊಳ್ಳುವುದನ್ನು ಸಂಯೋಜನೆಯ ತರ್ಕದೋಷ ಎನ್ನುತ್ತಾರೆ. ಇದನ್ನೇ ತಿರುವು ಹಾಕಿದರೆ ವಿಭಜನೆಯ ತರ್ಕದೋಷ: ಒಟ್ಟಿಗೆ ನಿಜವಾದದ್ದು ಪ್ರತಿಯೊಂದು ಬಿಡಿಗೂ ನಿಜ ಎಂದುಕೊಳ್ಳುವುದು. ಎರಡನ್ನೂ ಅರಿಸ್ಟಾಟಲ್ ಆಗಲೇ ಗುರುತಿಸಿದ್ದ. ಎರಡನೆಯದಕ್ಕೂ ಇದೇ ರಿಲೇ ಸಾಕು. 36.84ನ್ನು ನಾಲ್ಕರಿಂದ ಭಾಗಿಸಿ. 9.21 ಬರುತ್ತದೆ. ಹಾಗಾದರೆ ಆ ನಾಲ್ವರೂ ನೂರು ಮೀಟರ್ ಓಟದ ವಿಶ್ವದಾಖಲೆಯನ್ನು ಮುರಿಯಬಲ್ಲವರು ಎನ್ನೋಣವೇ? ನಾಲ್ವರಲ್ಲಿ ಒಬ್ಬರೂ ಒಬ್ಬಂಟಿಯಾಗಿ ಅಷ್ಟು ಬೇಗ ಓಡಿದವರಲ್ಲ.

ಹಸ್ತಾಂತರ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡದಲ್ಲಿ ನೂರು ಮೀಟರ್ ಓಟದ ಬೆಳ್ಳಿ ಪದಕ ಗೆದ್ದವರೇ ಇದ್ದರು. ಆ ತಂಡ ತನ್ನ ಹೀಟ್‌ನಲ್ಲಿ ಆರನೇ ಸ್ಥಾನಕ್ಕೆ ಇಳಿದು, ಫೈನಲ್ ಮುಟ್ಟಲಿಲ್ಲ. ಅಂಥ ದಿನ 'ಇವರೆಲ್ಲ ದಂಡ' ಎಂದು ಬೈಯುವುದಿದೆಯಲ್ಲ, ಅದು ವಿಭಜನೆಯ ದೋಷವೇ. ತಂಡ ಸೋತಿತು ಅಂದ ಮಾತ್ರಕ್ಕೆ ಪ್ರತಿಯೊಬ್ಬ ಓಟಗಾರನೂ ನಿಧಾನ ಅಂತಾಗುವುದಿಲ್ಲ. ಕಚೇರಿಯಲ್ಲೂ ಒಂದು ತಂಡದ ಫಲಿತಾಂಶ ನೋಡಿ, ಅದರಲ್ಲಿದ್ದ ಎಲ್ಲರಿಗೂ ಒಂದೇ ಅಂಕ ಕೊಟ್ಟುಬಿಡುತ್ತಾರೆ. ಇದು ನನಗೆ ಬಹಳ ಅನ್ಯಾಯವಾಗಿ ಕಾಣುತ್ತದೆ.

ಈಗ ಮನೆಯ ಖರ್ಚಿಗೆ ಬರೋಣ. ಇಲ್ಲಿ ದೋಷ ಇನ್ನೂ ಆಳದಲ್ಲಿದೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಐದೇ ಮನೆಗಳಿರುವ ಒಂದು ಪುಟ್ಟ ಜಗತ್ತನ್ನು ಊಹಿಸಿಕೊಳ್ಳಿ. ಹೊರಗಿನ ವ್ಯಾಪಾರ ಇಲ್ಲ, ಸಾಲ ಕೊಡುವವರಿಲ್ಲ. ಪ್ರತಿ ಮನೆಯೂ ಏನೋ ಒಂದನ್ನು ತಯಾರಿಸಿ ಉಳಿದ ನಾಲ್ಕಕ್ಕೂ ಮಾರುತ್ತದೆ. ಪ್ರತಿ ಮನೆಯ ಪೆಟ್ಟಿಗೆಯಲ್ಲೂ ನೂರು ನಾಣ್ಯ ಇದೆ. ತಿಂಗಳಿಗೆ ನೂರು ನಾಣ್ಯದ ಖರ್ಚು, ನೂರು ನಾಣ್ಯದ ಆದಾಯ. ಖರ್ಚು ಮಾಡಿದ್ದು ಉಳಿದ ನಾಲ್ಕು ಮನೆಗಳಿಗೆ ಸಮನಾಗಿ ಹೋಗುತ್ತದೆ.

ಒಂದು ಮನೆಯವರು ಈ ತಿಂಗಳು ಕೈ ಬಿಗಿ ಹಿಡಿಯುತ್ತಾರೆ. ಎಂಬತ್ತೇ ನಾಣ್ಯ ಖರ್ಚು ಮಾಡುತ್ತಾರೆ. ಉಳಿದ ಮನೆಗಳು ಎಂದಿನಂತೆ ನೂರು ಖರ್ಚು ಮಾಡುವುದರಿಂದ ಇವರ ಆದಾಯ ನೂರೇ. ತಿಂಗಳ ಕೊನೆಗೆ ಇವರ ಪೆಟ್ಟಿಗೆಯಲ್ಲಿ ನೂರಿಪ್ಪತ್ತು ನಾಣ್ಯ. ಮಿತವ್ಯಯ ಫಲ ಕೊಟ್ಟಿತು. ಉಳಿದ ನಾಲ್ಕು ಮನೆಗಳಿಗೆ ತಲಾ ಐದು ನಾಣ್ಯ ಕಮ್ಮಿ ಬಂದಿದೆ, ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಇದನ್ನು ನೋಡಿ ಮುಂದಿನ ತಿಂಗಳು ಐದೂ ಮನೆಯವರು ಹಾಗೇ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಎಲ್ಲರೂ ಮತ್ತೆ ನೂರರಿಂದಲೇ ಶುರು ಮಾಡಲಿ. ಎಲ್ಲರ ಖರ್ಚೂ ಎಂಬತ್ತು. ಆದರೆ ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ, ಅಲ್ವಾ? ಹಾಗಾಗಿ ಎಲ್ಲರ ಆದಾಯವೂ ಎಂಬತ್ತಕ್ಕೆ ಇಳಿಯುತ್ತದೆ. ತಿಂಗಳ ಕೊನೆಗೆ ಪೆಟ್ಟಿಗೆ ತೆರೆದರೆ ಅದೇ ನೂರು ನಾಣ್ಯ. ಒಂದು ನಾಣ್ಯವೂ ಉಳಿದಿಲ್ಲ. ತಿಂಗಳಿಡೀ ಎಲ್ಲರೂ ಕಮ್ಮಿ ಕೊಂಡರು, ಕಮ್ಮಿ ತಯಾರಿಸಿದರು, ಅಷ್ಟೇ. ಇನ್ನೂ ಉಳಿಸಲೇಬೇಕು ಎಂದು ಹಟ ಹಿಡಿದು ಖರ್ಚನ್ನು ಅರವತ್ತಕ್ಕೆ ಇಳಿಸಿದರೆ ಆದಾಯವೂ ಅರವತ್ತಕ್ಕೆ ಬರುತ್ತದೆ. ಪೆಟ್ಟಿಗೆ ಮಾತ್ರ ಕದಲುವುದಿಲ್ಲ.

ಅರ್ಥಶಾಸ್ತ್ರಜ್ಞರು ಇದನ್ನು ಮಿತವ್ಯಯದ ವಿರೋಧಾಭಾಸ ಎನ್ನುತ್ತಾರೆ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಇದಕ್ಕೆ ಬಲವಾದ ರೂಪ ಕೊಟ್ಟರು. ಜನ ಹೆದರಿ ಖರ್ಚು ನಿಲ್ಲಿಸಿದರೆ ಅಂಗಡಿ, ಕಾರ್ಖಾನೆಗಳ ವ್ಯಾಪಾರ ಬೀಳುತ್ತದೆ, ಕೆಲಸ ಹೋಗುತ್ತದೆ, ಜನ ಇನ್ನಷ್ಟು ಹೆದರುತ್ತಾರೆ.

ಹಾಗಂತ ಉಳಿತಾಯ ಕೆಟ್ಟದ್ದು ಎಂದುಕೊಳ್ಳಬೇಡಿ. ನಮ್ಮ ಲೆಕ್ಕ ಒಂದು ಶರತ್ತಿನ ಮೇಲೆ ನಿಂತಿತ್ತು: ಉಳಿಸಿದ ಹಣ ಪೆಟ್ಟಿಗೆಯಲ್ಲೇ ಮಲಗಿತ್ತು. ನಾಲ್ಕು ಮನೆಯವರು ಉಳಿಸುವ ಇಪ್ಪತ್ತಿಪ್ಪತ್ತು ನಾಣ್ಯವನ್ನು ಐದನೆಯವರು ಸಾಲ ಪಡೆದು ಹೊಸ ಮಗ್ಗ ಕಟ್ಟಿಸಲು ಅಲ್ಲೇ ಖರ್ಚು ಮಾಡಿದರೆ, ಒಟ್ಟು ಖರ್ಚು ಇಳಿಯುವುದಿಲ್ಲ, ಒಟ್ಟು ಆದಾಯವೂ ಇಳಿಯುವುದಿಲ್ಲ. ಹೊರಗಿನವರು ಕೊಳ್ಳುವಂತಿದ್ದರೂ ಲೆಕ್ಕ ಬದಲಾಗುತ್ತದೆ. ಹೂಡಿಕೆ ಮಾಡುವವರೇ ಇಲ್ಲದ ಹೊತ್ತಿನಲ್ಲಿ ಈ ದೋಷದ ಪೆಟ್ಟು ಜೋರು.

ಒಟ್ಟು ಮಾಡುವುದೆಲ್ಲ ತಪ್ಪೂ ಅಲ್ಲ. ಐದು ಮೂಟೆಗಳ ತೂಕವನ್ನು ಧಾರಾಳವಾಗಿ ಕೂಡಬಹುದು. ಒಂದು ಮೂಟೆಯ ತೂಕ ಪಕ್ಕದ ಮೂಟೆಯನ್ನು ಅವಲಂಬಿಸಿಲ್ಲ. ಆದಾಯ ಹಾಗಲ್ಲ, ರಿಲೇ ಓಟವೂ ಹಾಗಲ್ಲ. ಕೂಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಒಬ್ಬರು ಮಾಡಿದ್ದನ್ನೇ ಎಲ್ಲರೂ ಮಾಡಿದರೆ, ಆ ಒಬ್ಬರಿಗೆ ಅನುಕೂಲವಾಗಿದ್ದ ಸನ್ನಿವೇಶ ಹಾಗೇ ಉಳಿಯುತ್ತದೆಯೇ? ಮೊದಲ ಮನೆಗೆ ಉಳಿತಾಯ ಸಾಧ್ಯವಾಗಿದ್ದು ಉಳಿದ ನಾಲ್ಕು ಮನೆಗಳು ಖರ್ಚು ಮಾಡುತ್ತಿದ್ದುದರಿಂದ.

ಕೊನೆಗೆ ಮನೆಯ ಒಳಗೇ ಒಮ್ಮೆ ಹೋಗೋಣ. ಐದು ಜನರ ಮನೆಗೆ ಸಾಕಷ್ಟು ಆದಾಯ ಇದೆ ಎಂದಿಟ್ಟುಕೊಳ್ಳಿ. ಆದಾಯವನ್ನು ಐದರಿಂದ ಭಾಗಿಸಿ 'ಈ ಮನೆಯಲ್ಲಿ ಬಡವರು ಯಾರೂ ಇಲ್ಲ' ಎಂದು ಬರೆದುಕೊಂಡರೆ ಅದು ಶುದ್ಧ ವಿಭಜನೆಯ ದೋಷ. ಹಣ ಐದು ಪಾಲಾಗುತ್ತದೆ ಎಂದು ಯಾರು ಹೇಳಿದರು? ಎಲ್ಲರಿಗೂ ಬಡಿಸಿ ಕೊನೆಗೆ ಊಟ ಮಾಡುವ ಹೆಂಗಸು, ಔಷಧಿಗೂ ಕೈ ಚಾಚಬೇಕಾದ ಮುದುಕಿ, ಶಾಲೆ ಬಿಡಿಸಿದ ಮಗಳು, ಇವರೆಲ್ಲ ಆ ಸರಾಸರಿಯೊಳಗೆ ಮರೆಯಾಗುತ್ತಾರೆ. ಮನೆಯೊಳಗಿನ ಈ ಹಂಚಿಕೆಯ ಬಗ್ಗೆ ಅಮರ್ತ್ಯ ಸೇನ್ ವಿಸ್ತಾರವಾಗಿ ಬರೆದಿದ್ದಾರೆ. ಮನೆಗೆ ಎಷ್ಟು ಬರುತ್ತದೆ ಎಂದು ಯಜಮಾನನೊಬ್ಬನನ್ನೇ ಕೇಳಿ ಬಂದರೆ ಇದು ತಿಳಿಯುವುದಿಲ್ಲ. ಯಾರು ಏನು ತಿಂದರು, ಯಾರ ಕಾಯಿಲೆಗೆ ವೈದ್ಯರ ಹತ್ತಿರ ಹೋದರು, ಯಾರ ಕೈಯಲ್ಲಿ ಸ್ವಂತದ ಹಣ ಇದೆ ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಅದೂ ಮನೆಯವರೆಲ್ಲ ಎದುರಿಗೆ ಕುಳಿತಿರದ ಹೊತ್ತಿನಲ್ಲಿ ಕೇಳಬೇಕು.

ನಮಸ್ಕಾರ.